ಎರಡು ಪುಟದ ರಾಯರು

ಪೀಣ್ಯದ ಕಾರ್ಖಾನೆಗಳಲ್ಲಿ ಖರೀದಿ ವಿಭಾಗ ನೋಡಿಕೊಂಡವರನ್ನು ಮದುವೆಮನೆಯಲ್ಲೂ ಗುರುತು ಹಿಡಿಯಬಹುದು. ಎಲೆಯ ಮುಂದೆ ಕೂತವರೇ ‘ಎಲೆಗೆ ಎಷ್ಟು ಹೇಳಿದ ಅಡುಗೆಯವನು?’ ಎಂದು ಬೀಗರನ್ನು ಕೇಳುತ್ತಾರೆ. ಎಷ್ಟು ಹೇಳಿದರೂ ಜಾಸ್ತಿಯಾಯಿತು ಅನ್ನುತ್ತಾರೆ. ನಮ್ಮ ರಾಯರು ಆ ಪೈಕಿಯವರು. 1993ರಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿ ಟ್ರೈನಿಯಾಗಿ ಸ್ಟೋರ್ಸ್ ಸೇರಿದವರು ಎರಡು ಕಂಪನಿ ದಾಟಿ ಮೂರನೆಯದರಲ್ಲಿ ಸಪ್ಲೈ ಚೈನ್ ಮುಖ್ಯಸ್ಥರಾದರು. ಆ ಕಂಪನಿ ಕೈ ಬದಲಾಯಿತು, ಹೊಸ ಯಜಮಾನರು ಖರೀದಿಯನ್ನೆಲ್ಲ ಪುಣೆಗೆ ಸಾಗಿಸಿದರು. 54ನೇ ವಯಸ್ಸಿನಲ್ಲಿ ರಾಯರು ಬೀರುವಿನಿಂದ ತಮ್ಮ ಬಯೋಡೇಟಾ ಹೊರತೆಗೆದರು.

ಅದು ಐದು ಪುಟ. ಬಲಮೂಲೆಯಲ್ಲಿ ದಟ್ಟ ಮೀಸೆಯ ಫೋಟೊ. ತಂದೆಯ ಹೆಸರು, ಹುಟ್ಟಿದ ದಿನ, ‘ವಿವಾಹಿತ’, ಎಸ್ಸೆಸ್ಸೆಲ್ಸಿಯ ಶೇಕಡಾವಾರು, ಬಲ್ಲ ಭಾಷೆಗಳಿಗೆ ಓದು-ಬರಹ-ಮಾತು ಎಂದು ಮನೆ ಕೊರೆದ ಪಟ್ಟಿ. ಕೊನೆಯಲ್ಲಿ ‘ಮೇಲಿನದೆಲ್ಲ ನಾನು ತಿಳಿದಮಟ್ಟಿಗೆ ಸತ್ಯ’ ಎಂಬ ಪ್ರಮಾಣ, ಅದರ ಕೆಳಗೆ ಸ್ಥಳ: ಬ್ಯಾಂಗಲೋರ್. ಇಮೇಲ್ ವಿಳಾಸ ರೆಡಿಫ್‌ನದು, ಹೆಸರಿನ ಬೆನ್ನಿಗೇ 71. ಹುಟ್ಟಿದ ದಿನದ ಸಾಲನ್ನು ಅಳಿಸಿದರೂ ಪತ್ತೆಯಾಗಲಿ ಎಂದು ಇಟ್ಟ ಹಾಗಿತ್ತು.

ಮಗಳು ಒಂದು ಕಂಪನಿಯಲ್ಲಿ ನೇಮಕಾತಿ ನೋಡಿಕೊಳ್ಳುವವಳು. ದಿನಕ್ಕೆ ರಾಶಿ ರೆಸ್ಯೂಮೆ ತಿರುವಿಹಾಕುವ ಕೈ. ಓದಿ ಮುಗಿಸಿ ಅಂದಳು: “ಅಪ್ಪಾ, ಇದು ಹೆಣ್ಣು ನೋಡೋಕೆ ಕಳಿಸೋ ಜಾತಕ.”

“ಎಲ್ಲಾ ನಿಜಾನೇ ಬರೆದಿದೀನಲ್ಲೇ?”

“ನಿಜ ಅನ್ನೋದು ಸರಿ. ಆದ್ರೆ ನಿನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ನೋಡಿ ಯಾರೂ ಕ್ಯಾಸ್ಟಿಂಗ್ ಆರ್ಡರ್ ಮಾಡಲ್ಲ.”

ಮೊದಲ ಪುಟ ಹಾಗೆ ಹೋಯಿತು. ರಾಯರು ಅದಕ್ಕೆ ಹೆಚ್ಚು ಅಳಲಿಲ್ಲ. ಅತ್ತದ್ದು ಮಾಡ್‌ವ್ಯಾಟ್‌ಗೆ.

ಅವರ ನೌಕರಿಯ ಮೊದಲ ಹತ್ತು ವರ್ಷ ಅರ್ಧ ಪುಟಕ್ಕೂ ಮಿಕ್ಕಿ ಹರಡಿತ್ತು: ಕಾರ್ಡೆಕ್ಸ್ ಕಾರ್ಡು, ಬಿನ್ ಕಾರ್ಡು, ಎಕ್ಸೈಸಿನ ಆರ್‌ಜಿ-23 ರಿಜಿಸ್ಟರು, ಮಾಡ್‌ವ್ಯಾಟ್ ಕ್ರೆಡಿಟ್, ಹೊರರಾಜ್ಯದ ಸರಬರಾಜುದಾರರಿಗೆ ‘ಸಿ’ ಫಾರಂ, ಐಎಸ್‌ಒ 9002 ಸರ್ಟಿಫಿಕೇಟು, ಸ್ಯಾಪ್ ಆರ್/3. ಇದರಲ್ಲಿ ಸುಳ್ಳೊಂದೂ ಇಲ್ಲ, ಬದುಕಿರುವುದೂ ಹೆಚ್ಚೇನಿಲ್ಲ. ಮಾಡ್‌ವ್ಯಾಟ್ 2000ದಲ್ಲೇ ಸೆನ್‌ವ್ಯಾಟ್ ಆಯಿತು, 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಅದನ್ನೂ ನುಂಗಿತು. ಐಎಸ್‌ಒ 9002 ಎಂಬ ಪ್ರತ್ಯೇಕ ಮಾನದಂಡ 2000ದ ಪರಿಷ್ಕರಣೆಯಲ್ಲಿ 9001ರೊಳಗೆ ಲೀನವಾಯಿತು. ಅಂದರೆ ರಾಯರು ವಯಸ್ಸನ್ನು ಅಳಿಸಿ ‘ಐಎಸ್‌ಒ 9002 ತಂದುಕೊಟ್ಟೆ’ ಎಂಬುದನ್ನು ಉಳಿಸಿಕೊಂಡರೆ, ಓದುವವರಿಗೆ ಲೆಕ್ಕ ಹಾಕಲು ಕಾಗದ ಪೆನ್ನು ಕೂಡ ಬೇಡ.

“ಆ ರಿಜಿಸ್ಟರಲ್ಲಿ ಒಂದು ತಪ್ಪಿರಲಿಲ್ಲ ಕಣೇ. ಎಕ್ಸೈಸ್ ಇನ್‌ಸ್ಪೆಕ್ಟರೇ ಮೆಚ್ಚಿಕೊಂಡಿದ್ದ.”

“ಅವ್ರು ರಿಟೈರ್ ಆಗಿರ್ತಾರೆ ಅಪ್ಪಾ.”

ಆ ಹುಡುಗಿಯ ಜಾಣತನ ಮೆಚ್ಚಬೇಕಾದ್ದು ಇಲ್ಲಿ. ಅಳಿಸು ಅಂದವಳು ಅಷ್ಟಕ್ಕೇ ನಿಲ್ಲಲಿಲ್ಲ. “ಜಿಎಸ್‌ಟಿ ಬಂದಾಗ ನೀನೇನು ಮಾಡಿದೆ?” ಎಂದು ಕೇಳಿದಳು. ರಾಯರು ಅರ್ಧ ಗಂಟೆ ಹೇಳಿದರು. 180 ಸರಬರಾಜುದಾರರಲ್ಲಿ ಕಾಲುಭಾಗಕ್ಕೆ ಸರಿಯಾದ ನೋಂದಣಿಯೇ ಇರಲಿಲ್ಲವಂತೆ. ಅವರ ಬಿಲ್ಲಿಗೆ ತೆರಿಗೆಯ ಕ್ರೆಡಿಟ್ ಸಿಕ್ಕದು ಎಂದು ಗೊತ್ತಾಗಿ, ಯಾರನ್ನು ಉಳಿಸಿಕೊಳ್ಳಬೇಕು, ಯಾರಿಗೆ ಎಷ್ಟು ತಿಂಗಳು ಗಡುವು ಕೊಡಬೇಕು, ಯಾರನ್ನು ಕೈಬಿಡಬೇಕು ಎಂದು ಇವರೇ ತೀರ್ಮಾನಿಸಿದರಂತೆ. ಒಂದು ದಿನವೂ ಲೈನ್ ನಿಲ್ಲಲಿಲ್ಲ. ಬಯೋಡೇಟಾದಲ್ಲಿ ಇದಕ್ಕೆ ಸಿಕ್ಕಿದ್ದ ಜಾಗ ಎರಡೇ ಪದ: ‘ಜಿಎಸ್‌ಟಿ ಪರಿಚಯವಿದೆ’. ಆರ್‌ಜಿ-23ಕ್ಕೆ ನಾಲ್ಕು ಸಾಲು.

ನಮ್ಮ ರಾಯರುಗಳ ಮೂಲರೋಗ ಇದೇ ಎಂದು ನನಗನ್ನಿಸುತ್ತದೆ. ಇಪ್ಪತ್ತೈದರಲ್ಲಿ ಕೈಯಾರೆ ಮಾಡಿದ್ದನ್ನೆಲ್ಲ ವಿವರವಾಗಿ ಬರೆಯುತ್ತಾರೆ, ಐವತ್ತರಲ್ಲಿ ತಲೆ ಕೊಟ್ಟು ತೀರ್ಮಾನಿಸಿದ್ದನ್ನು ‘ಜವಾಬ್ದಾರಿ ನಿರ್ವಹಿಸಿದ್ದೇನೆ’ ಎಂದು ಮುಗಿಸುತ್ತಾರೆ. ಓದಿದವರ ಕಣ್ಣಿಗೆ ಬೀಳುವುದು ತುಂಬ ವಯಸ್ಸಾದ ಗುಮಾಸ್ತ.

ಮಗಳು ತಿರುವಿಟ್ಟಳು. ಜಿಎಸ್‌ಟಿಗೆ ನಾಲ್ಕು ಸಾಲು ಬಂತು. ಸ್ಯಾಪ್ ಆರ್/3 ಹೋಗಿ, ಹಳೆಯ ವ್ಯವಸ್ಥೆಯಿಂದ ಎಸ್/4 ಹಾನಾಗೆ ಖರೀದಿ ದತ್ತಾಂಶ ಸಾಗಿಸಿದ್ದು ಬಂತು. ಎಷ್ಟು ಜನರ ತಂಡ, ವರ್ಷಕ್ಕೆ ಎಷ್ಟು ಕೋಟಿಯ ಖರೀದಿ ಎಂಬುದು ಮೇಲಿನ ಮೂರು ಸಾಲಿನಲ್ಲೇ ಕೂತಿತು. ಮೊದಲ ಹತ್ತು ವರ್ಷ ಕೊನೆಯಲ್ಲಿ ‘ಹಿಂದಿನ ಅನುಭವ: ಸ್ಟೋರ್ಸ್ ಮತ್ತು ಖರೀದಿ’ ಎಂಬ ಒಂದೇ ಸಾಲಾಯಿತು, ಎರಡು ಕಂಪನಿಯ ಹೆಸರಿನೊಂದಿಗೆ, ಇಸವಿ ಇಲ್ಲದೆ. ಬಿ.ಇ. ಉಳಿಯಿತು, ಅದರ ವರ್ಷ ಉಳಿಯಲಿಲ್ಲ.

ಕತ್ತರಿಯ ರುಚಿ ಹತ್ತಿದ ರಾಯರು ರಾತ್ರಿ ಒಬ್ಬರೇ ಕೂತು ಇನ್ನಷ್ಟು ಕತ್ತರಿಸಿದರು. ಬೆಳಿಗ್ಗೆ ನೋಡಿದರೆ ರೆಸ್ಯೂಮೆ 2014ರಲ್ಲಿ ಶುರುವಾಗುತ್ತಿತ್ತು, ಅದೂ ಜನರಲ್ ಮ್ಯಾನೇಜರ್ ಹುದ್ದೆಯಿಂದ. ಅದಕ್ಕೆ ಮುಂಚೆ ರಾಯರೇ ಇಲ್ಲ. ತಲೆಬರಹದಲ್ಲಿ ‘10 ವರ್ಷಕ್ಕೂ ಹೆಚ್ಚಿನ ಅನುಭವ’.

“ಸುಳ್ಳಲ್ಲವಲ್ಲ, ಮೂವತ್ತೊಂದು ಹತ್ತಕ್ಕಿಂತ ಹೆಚ್ಚೇ,” ಎಂದರು. ಖರೀದಿ ವಿಭಾಗದಲ್ಲಿ ಇಂಥ ವಾದಕ್ಕೆ ಬೆಲೆ ಇರಬಹುದು.

ಮಗಳು ಒಪ್ಪಲಿಲ್ಲ. ಹತ್ತು ವರ್ಷದವನು ಜನರಲ್ ಮ್ಯಾನೇಜರ್ ಸಂಬಳ ಕೇಳಿದರೆ ಅನುಮಾನ ಮೊದಲ ಫೋನಿನಲ್ಲೇ ಹುಟ್ಟುತ್ತದೆ. ಅದು ದಾಟಿದರೂ ಮುಂದೆ ಕಂಪನಿಯ ಅರ್ಜಿಯಿದೆ. ಅಲ್ಲಿ ಎಲ್ಲ ನೌಕರಿಯನ್ನೂ ತಾರೀಖು ಸಮೇತ ಕೇಳಿದರೆ ಒಂದನ್ನೂ ಬಿಡುವಂತಿಲ್ಲ. ಆಮೇಲೆ ಹಿನ್ನೆಲೆ ಪರಿಶೀಲನೆಯವರು ಬರುತ್ತಾರೆ: ಆಧಾರ್‌ನಲ್ಲಿ ಹುಟ್ಟಿದ ದಿನ, ಭವಿಷ್ಯನಿಧಿಯ ಯುಎಎನ್‌ಗೆ ಜೋಡಿಸಿದ ಹಳೆಯ ಖಾತೆಗಳಲ್ಲಿ ಸೇರಿದ ದಿನ, ಬಿಟ್ಟ ದಿನ. ರೆಸ್ಯೂಮೆಯಲ್ಲಿ ಹೇಳದಿದ್ದದ್ದು ಅಲ್ಲಿ ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ, ಹೇಳಿದ್ದಕ್ಕೆ ವಿರುದ್ಧವಾದದ್ದು ಕಂಡರೆ ಕೊಟ್ಟ ಆಫರ್ ವಾಪಸ್ಸು ಹೋಗುತ್ತದೆ. ಕೊನೆಗೆ ತಲೆಬರಹದಿಂದ ವರ್ಷದ ಲೆಕ್ಕವೇ ಹೋಗಿ ‘ಸಪ್ಲೈ ಚೈನ್ ಮುಖ್ಯಸ್ಥ’ ಎಂದಷ್ಟೇ ಉಳಿಯಿತು. ಕತ್ತರಿಸಿದ ಹಳೆಯ ಸಾಲೂ ಮರಳಿ ಬಂತು. ಒಟ್ಟು ಎರಡು ಪುಟ.

ಕೂದಲ ಬಣ್ಣದ ವಿಚಾರವನ್ನು ಮನೆಯವರು ಇತ್ಯರ್ಥ ಮಾಡಿದರು: “ರೀ, ಹಚ್ಚೋದಾದ್ರೆ ಮೀಸೆಗೂ ಹಚ್ಚಿ, ಇಲ್ಲಾಂದ್ರೆ ಎರಡನ್ನೂ ಬಿಡಿ.” ರಾಯರು ಬಿಟ್ಟರು. ಒಳ್ಳೆಯದೇ ಮಾಡಿದರು.

ಕಾಗದ ಸರಿಹೋದರೂ ಬಾಯಿ ಹಳೆಯದೇ. ಸಂದರ್ಶನಕ್ಕೆ ಮುಂಚೆ ಮಗಳು ನಿಷೇಧ ಹೇರಿದಳು: ‘ನಮ್ಮ ಕಾಲದಲ್ಲಿ’ ಕೂಡದು, ‘ಆಗ ನೀವಿನ್ನೂ ಹುಟ್ಟಿರಲಿಲ್ಲ’ ಕೂಡದು, ‘ನಿಮ್ಮ ವಯಸ್ಸಿನ ಮಗಳಿದ್ದಾಳೆ’ ಅಂತೂ ಸುತರಾಂ ಕೂಡದು.

ವಿಡಿಯೊದಲ್ಲಿ ಎದುರಿಗೆ ಬಂದವರು ಮೂವತ್ತೈದು ದಾಟದ ಒಬ್ಬ ಹೆಣ್ಣುಮಗಳು. ಒಂದೇ ಫೌಂಡ್ರಿಯಿಂದ ಬರುವ ಕ್ಯಾಸ್ಟಿಂಗ್ ನಿಂತುಹೋದರೆ ಏನು ಮಾಡುತ್ತೀರಿ ಎಂದು ಕೇಳಿದರು. ರಾಯರು ನಾಲಿಗೆಯ ತುದಿಗೆ ಬಂದಿದ್ದ 1997ನ್ನು ನುಂಗಿಕೊಂಡು, 2020ರ ಲಾಕ್‌ಡೌನಿನಲ್ಲಿ ತಾವು ಕೊಲ್ಹಾಪುರದ ಫೌಂಡ್ರಿಗೆ ಬದಲಿಯಾಗಿ ಬೆಳಗಾವಿಯಲ್ಲಿ ಇನ್ನೊಂದನ್ನು ಹುಡುಕಿದ್ದನ್ನು ಹೇಳಿದರು. ಪ್ಯಾಟರ್ನ್ ಯಾರ ಆಸ್ತಿ ಎಂಬ ಜಗಳವೆದ್ದಿತ್ತು. ಅದು ನಮ್ಮದೇ ಎಂದು ಆರ್ಡರಿನಲ್ಲಿ ಬರೆಸಿದ್ದರಿಂದ ಎತ್ತಿಕೊಂಡು ಬರಲಾಯಿತು. ಮಾದರಿ ಪಾಸಾಗುವತನಕ ಇದ್ದ ದಾಸ್ತಾನನ್ನು ಯಾವ ಗಿರಾಕಿಗೆ ಮೊದಲು ಕೊಡಬೇಕೆಂದು ತಾವೇ ಹಂಚಿದರು. ಆಕೆ ಬರೆದುಕೊಳ್ಳುತ್ತಿದ್ದರು. ಬಾಗಿಲ ಸಂದಿನಲ್ಲಿ ಮಗಳು ಹೆಬ್ಬೆಟ್ಟು ಎತ್ತಿದಳು.

ಆಗ ಆಕೆ ಸ್ವಲ್ಪ ಮುಜುಗರದಿಂದಲೇ ಕೇಳಿದರು: “ಸರ್, ಒಂದು ವಿಷಯ. ಇಲ್ಲಿ ನೀವು ನಿಮಗಿಂತ ತುಂಬಾ ಚಿಕ್ಕವರಿಗೆ ರಿಪೋರ್ಟ್ ಮಾಡ್ಬೇಕಾಗುತ್ತೆ. ಅಭ್ಯಾಸ ಇದೆಯಾ?”

ರಾಯರು ಒಮ್ಮೆ ಬಾಗಿಲ ಕಡೆ ನೋಡಿದರು.

“ಎರಡು ವಾರದಿಂದ ಅದೇ ಮಾಡ್ತಾ ಇದೀನಿ ಮೇಡಂ.”