ಮುಖ್ಯ ಅತಿಥಿಗೆ ಜ್ವರ, ಗದಾಯುದ್ಧಕ್ಕೆ ರಜೆ

(ಮುಂದೂಡಿಕೆ ಪ್ರಕಟಣೆ ಹೊರಡಿಸಿದ ಸಂಘಟಕರಿಗೊಂದು ಬಹಿರಂಗ ಪತ್ರ)

ಮುಂದೂಡಿಕೆ ಪ್ರಕಟಣೆ ಎಂಬುದು ಸಭಾಂಗಣದ ಗೇಟಿಗೆ ಅಂಟಿಸುವ ಒಂದು ಹಾಳೆ. ಅದರಲ್ಲಿರುವುದು ಮೂರೇ ವಾಕ್ಯ. ಮುಖ್ಯ ಅತಿಥಿಗಳ ಅನಾರೋಗ್ಯದ ನಿಮಿತ್ತ ಕಾರ್ಯಕ್ರಮವನ್ನು ಮುಂದೂಡಲಾಗಿದೆ. ಮುಂದಿನ ದಿನಾಂಕವನ್ನು ನಂತರ ತಿಳಿಸಲಾಗುವುದು. ಕಲಾಭಿಮಾನಿಗಳು ಸಹಕರಿಸಬೇಕಾಗಿ ವಿನಂತಿ. ಮೊದಲೆರಡು ವಾಕ್ಯಗಳಿಗೆ ಕರ್ತೃವಿಲ್ಲ. ಮುಂದೂಡಿದವರು ಯಾರು, ತಿಳಿಸುವವರು ಯಾರು ಎಂದರೆ ವ್ಯಾಕರಣವೂ ಬಾಯಿ ಬಿಡುವುದಿಲ್ಲ. ಮೂರನೆಯದಕ್ಕೆ ಮಾತ್ರ ಕರ್ತೃವಿದ್ದಾನೆ: ಮಳೆಯಲ್ಲಿ ಎರಡು ಬಸ್ಸು ಬದಲಿಸಿ ಬಂದು ಬೀಗದ ಮುಂದೆ ನಿಂತವನು.

ಈ ಸಲ ಮುಂದಕ್ಕೆ ಹೋದದ್ದು ಬೆಂಗಳೂರಿನ ಒಂದು ಸಭಾಂಗಣದಲ್ಲಿ ಭಾನುವಾರ ಸಂಜೆ 5.30ಕ್ಕೆ ಶುರುವಾಗಬೇಕಿದ್ದ ಬಡಗುತಿಟ್ಟಿನ ಯಕ್ಷಗಾನ. ಪ್ರಸಂಗ ‘ಗದಾಯುದ್ಧ’. ಅರ್ಧ ಗಂಟೆ ಸಭೆ, ಆಮೇಲೆ ಮೂರು ಗಂಟೆಯ ಆಟ. ಸಭೆಯಲ್ಲಿ ಮುಖ್ಯ ಅತಿಥಿಗಿರುವ ಕೆಲಸವೆಂದರೆ ದೀಪದ ಒಂದು ಬತ್ತಿ ಹಚ್ಚುವುದು, ಪೇಟಕ್ಕೆ ತಲೆ, ಶಾಲಿಗೆ ಹೆಗಲು ಕೊಡುವುದು, ‘ಎರಡು ಮಾತು’ ಎಂದು ಎದ್ದು ಇಪ್ಪತ್ತು ನಿಮಿಷ ಮಾತಾಡುವುದು, ನಂತರ ಬೇರೆ ಕಾರ್ಯಕ್ರಮವಿದೆಯೆಂದು ಹೊರಡುವುದು. ಭಾಗವತರು ತಾಳ ಹಿಡಿಯುವ ಹೊತ್ತಿಗೆ ಅವರ ಕಾರು ಗೇಟು ದಾಟಿರುತ್ತದೆ. ಅವರಿಗೆ ಜ್ವರ ಬಂದದ್ದು ಅವರ ತಪ್ಪಲ್ಲ, ಬೇಗ ವಾಸಿಯಾಗಲಿ. ಆದರೆ ಆ ಜ್ವರ ಭೀಮ ದುರ್ಯೋಧನರಿಬ್ಬರನ್ನೂ ಮಲಗಿಸಿದ್ದು ಹೇಗೆ ಎಂಬುದಕ್ಕೆ ವಿವರಣೆ ಬೇಕು.

ಯಕ್ಷಗಾನದಲ್ಲಿ ಯಾರಿಗೇ ಹುಷಾರಿಲ್ಲದಿದ್ದರೂ ಆಟ ನಿಲ್ಲದಂತೆ ಏರ್ಪಾಡಿದೆ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯಗಳು ಮಾತ್ರ. ಅರ್ಥವನ್ನು ವೇಷಧಾರಿ ರಂಗದಲ್ಲೇ ಕಟ್ಟುತ್ತಾನೆ. ಹೀಗಾಗಿ ಬಾಯಿಪಾಠ ಮಾಡಿದ ಸಂಭಾಷಣೆಯೂ ಇಲ್ಲ, ಅದು ತಪ್ಪುವ ಭಯವೂ ಇಲ್ಲ. ದುರ್ಯೋಧನನ ಪಾತ್ರಧಾರಿಗೆ ಗಂಟಲು ಕಟ್ಟಿದರೆ ಪ್ರಸಂಗ ಗೊತ್ತಿರುವ ಇನ್ನೊಬ್ಬರಿಗೆ ಮಧ್ಯಾಹ್ನ ಫೋನು ಹೋಗುತ್ತದೆ. ಅವರು ಬಂದು ಚೌಕಿಯಲ್ಲಿ ಕೂತು ತಾವೇ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತ, ಯಾವ ಪದ್ಯ ಇದೆ, ಯಾವುದನ್ನು ಬಿಟ್ಟಿದೆ ಎಂದು ಭಾಗವತರನ್ನು ಕೇಳಿಕೊಂಡರೆ ಸಾಕು. ಮದ್ದಲೆಗೂ ಚಂಡೆಗೂ ಬದಲಿ ಸಿಗುತ್ತಾರೆ. ಬದಲಿ ಇಲ್ಲದ್ದು ಬತ್ತಿ ಹಚ್ಚುವ ಕಲೆಗೆ ಮಾತ್ರ. ಅದನ್ನು ಯಾವ ಕೇಂದ್ರದಲ್ಲಿ, ಎಷ್ಟು ವರ್ಷ ಕಲಿಸುತ್ತಾರೆಂದು ಸಂಘಟಕರು ತಿಳಿಸಿದರೆ ಆಸಕ್ತರು ಸೇರಬಹುದು.

ಬದಲಿ ದಿನವೂ ಸುಲಭವಲ್ಲ. ಕರಾವಳಿಯ ಮೇಳಗಳ ತಿರುಗಾಟ ಮೇ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಆಮೇಲಿನ ಮಳೆಗಾಲದಲ್ಲಿ ಕಲಾವಿದರು ತಂಡ ಕಟ್ಟಿಕೊಂಡು ಬೆಂಗಳೂರಿನಂಥ ಊರುಗಳಿಗೆ ಬರುತ್ತಾರೆ. ಬೇರೆ ಬೇರೆ ಮೇಳದವರು ಒಂದೇ ರಂಗದಲ್ಲಿ ಸಿಗುವುದು ಈ ಕೆಲವೇ ತಿಂಗಳು. ಇಂದು ಇಲ್ಲಿ, ನಾಳೆ ಇನ್ನೊಂದು ಊರಲ್ಲಿ ಎಂದು ಕೂಡಿಸಿದ ಸರಪಳಿ ಅದು. ಒಂದು ಕೊಂಡಿಯನ್ನು ಕಿತ್ತು ‘ನಂತರ’ ಎಂಬ ದಿನಕ್ಕೆ ಸಿಕ್ಕಿಸಲಾಗುವುದಿಲ್ಲ. ಸಭಾಂಗಣವೂ ಆ ದಿನ ಖಾಲಿ ಇರಬೇಕು, ಅತಿಥಿಗಳ ದಿನಚರಿಯೂ ಖಾಲಿ ಇರಬೇಕು. ಇವೆಲ್ಲ ಕೂಡಿ ಬರುವ ಹೊತ್ತಿಗೆ ನವೆಂಬರ್ ಬಂದು, ದುರ್ಯೋಧನ ತನ್ನ ಮೇಳದ ಜೊತೆ ಊರೂರು ತಿರುಗುತ್ತಿರುತ್ತಾನೆ.

ಇಷ್ಟನ್ನೂ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಗೋಂದು. ಪ್ರಕಟಣೆಯ ಹಿಂದಿನ ಗೋಂದು ಸಂಜೆ 5ಕ್ಕೂ ಒಣಗಿರಲಿಲ್ಲ. ಹಾಳೆಯ ಒಂದು ಮೂಲೆ ಜಾರುತ್ತಿತ್ತು. ಅತಿಥಿಗೆ ಜ್ವರ ಬಂದದ್ದು ಶನಿವಾರ ರಾತ್ರಿ ಎಂದು ಗೇಟಿನ ಕಾವಲುಗಾರನಿಗೇ ಗೊತ್ತಿತ್ತು. ‘ಮರೆಯದಿರಿ, ಮರೆತು ನಿರಾಶರಾಗದಿರಿ’ ಎಂದು ಹದಿನೈದು ದಿನ ಬೆಳಿಗ್ಗೆ ಸಂಜೆ ವಾಟ್ಸಾಪಿನಲ್ಲಿ ಆಹ್ವಾನ ಕಳಿಸಿದ ಕೈಗೆ ಭಾನುವಾರ ಒಂದು ಸಾಲು ಕಳಿಸಲು ಏನಾಗಿತ್ತು? ಕೋಲೂರಿಕೊಂಡು ಬಂದ ಎಂಬತ್ತರ ಅಜ್ಜ ಮೊಮ್ಮಗಳ ಕೈಯಲ್ಲಿ ಆ ಮೂರು ವಾಕ್ಯ ಓದಿಸಿಕೊಂಡು, ‘ಆಟ ಆಡುವವರಿಗೆ ಏನೂ ಆಗಿಲ್ಲ ತಾನೆ?’ ಎಂದು ಎರಡು ಸಲ ಕೇಳಿದರು. ಇಲ್ಲ ಎಂದಾಗ ಅವರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ಅಲ್ಲಿ ಸಂಘಟಕರ ಪೈಕಿ ಒಬ್ಬರೂ ಇರಲಿಲ್ಲ. ಇದಕ್ಕೆ ಮುಂದೂಡಿಕೆ ಎನ್ನುವುದಿಲ್ಲ, ಉಡಾಫೆ ಎನ್ನುತ್ತಾರೆ.

ಮುಂದಿನ ದಿನಾಂಕ ‘ತಿಳಿಸಲಾಗುವ’ ಪಕ್ಷದಲ್ಲಿ ಒಂದು ತಿದ್ದುಪಡಿ ಸಾಧ್ಯ. ದೀಪವನ್ನು ಆ ಅಜ್ಜನ ಕೈಯಿಂದ ಹಚ್ಚಿಸಬಹುದು. ಬೆಂಕಿಕಡ್ಡಿಯನ್ನು ಪ್ರೇಕ್ಷಕರೇ ತರುತ್ತಾರೆ.

ಇತಿ,
ಸಹಕರಿಸಿ ಸಾಕಾದ ಕಲಾಭಿಮಾನಿಗಳು