ಬಾಯಿದರ ಮೀಮಾಂಸೆ

ಮಲ್ಲೇಶ್ವರದ 8ನೇ ಕ್ರಾಸಿನ ಫುಟ್‌ಪಾತಿನಲ್ಲಿ ಯಾವುದೇ ವಸ್ತುವಿಗೆ ಮೂರು ದರ: ಅಸಲು, ಗಿಟ್ಟುವ ದರ, ಬಾಯಿದರ. ಮೊದಲಿನೆರಡು ವ್ಯಾಪಾರಿಯ ಹೊಟ್ಟೆಯೊಳಗಿನ ಗುಟ್ಟು. ಶಾಸ್ತ್ರವಿಚಾರಕ್ಕೆ ಸಿಗುವುದು ಮೂರನೆಯದು ಮಾತ್ರ.

ಒಂದು ಹ್ಯಾಂಡ್‌ಬ್ಯಾಗನ್ನು ದೃಷ್ಟಾಂತವಾಗಿ ಇಟ್ಟುಕೊಳ್ಳೋಣ. ಆಟೋ ಬಾಡಿಗೆ ಸೇರಿ ಅಸಲು 180 ರೂಪಾಯಿ. 250 ದಾಟಿದರೆ ಗಿಟ್ಟಿತು. ‘ಅರ್ಧಕ್ಕೆ ಕೇಳು’ ಎಂಬುದು ಅತ್ತೆಯಂದಿರು ಸೊಸೆಯಂದಿರಿಗೆ ಉಪದೇಶಿಸುತ್ತ ಬಂದ ಆದಿಸೂತ್ರವಾದ್ದರಿಂದ, ಅದನ್ನು ಬಲ್ಲ ವ್ಯಾಪಾರಿ 350 ಎನ್ನುತ್ತಾನೆ. ಗಿರಾಕಿ 175 ಎನ್ನುತ್ತಾಳೆ. ನಟ್ಟನಡುವೆ 262 ರೂಪಾಯಿ 50 ಪೈಸೆ. ಚಿಲ್ಲರೆ ತ್ಯಜಿಸಿ 260ಕ್ಕೆ ಮುಗಿದರೆ ಇಬ್ಬರೂ ಗೆದ್ದವರೇ.

ಇಲ್ಲಿ ಪೂರ್ವಪಕ್ಷ: 600 ಎಂದರೆ 300 ಸಿಗುವುದಿಲ್ಲವೆ? ಸಿಗುವುದಿಲ್ಲ. 600 ಕೇಳಿದ ಗಿರಾಕಿ ಬಾಯಿಯನ್ನೇ ಬಿಡುವುದಿಲ್ಲ, ಮುಂದೆ ನಡೆಯುತ್ತಾಳೆ. ‘300ಕ್ಕೆ ತಗೊಳ್ಳಿ ಅಕ್ಕ’ ಎಂದು ಕೂಗಿ ಕರೆದರಂತೂ ಕೆಟ್ಟಿತು. ನಾಲ್ಕು ಹೆಜ್ಜೆಗೆ 300 ಇಳಿದದ್ದು ಎಂಟು ಹೆಜ್ಜೆಗೆ ಎಷ್ಟಕ್ಕಿಳಿದೀತೆಂದು ಆಕೆ ನಡೆಯುತ್ತಲೇ ಇರುತ್ತಾಳೆ.

ಇಳಿಯುವುದಕ್ಕೂ ಕ್ರಮವಿದೆ: 350, 310, 285, 270, 260. ಪ್ರತಿ ಸಲವೂ ಇಳಿತ ಚಿಕ್ಕದಾಗುತ್ತ ಹೋದರೆ ತಳ ಹತ್ತಿರವಾಯಿತೆಂದು ಗಿರಾಕಿಗೆ ತಾನಾಗಿ ತಿಳಿಯುತ್ತದೆ. ಮೊದಲ ಏಟಿಗೇ ನೂರು ಬಿಟ್ಟವನು ಇನ್ನೂ ನೂರಿದೆಯೆಂದು ತಾನೇ ಸಾರಿದಂತೆ. ಗಿರಾಕಿ 260 ಎಂದ ಕೂಡಲೇ ‘ಸರಿ’ ಎನ್ನುವುದೂ ದೋಷವೇ; ಮೋಸಹೋದೆನೆಂಬ ಶಂಕೆ ಆಕೆಯನ್ನು ಮನೆತನಕ ಕಾಡುತ್ತದೆ. ಆದ್ದರಿಂದ ‘ಗಿಟ್ಟಲ್ಲ ಅಕ್ಕ’ ಎಂದು ನಿಟ್ಟುಸಿರಿಡುತ್ತಲೇ ಬ್ಯಾಗನ್ನು ಕವರಿಗೆ ಹಾಕುವುದು ಶಿಷ್ಟಾಚಾರ. ನಾಲಗೆಗೂ ಕೈಗೂ ಇಂಥ ಭಿನ್ನಾಭಿಪ್ರಾಯ ಬೇರೆಲ್ಲೂ ಕಾಣಸಿಗದು.

ಈ ಸೂತ್ರ ಎಲ್ಲೆಡೆ ಸಲ್ಲದು. ಟೊಮೇಟೊದ ದರ ಬೀದಿಗೆಲ್ಲ ಗೊತ್ತು. ಅಲ್ಲಿ ದರ ಕದಲದೆ ಒಂದೆಳೆ ಕರಿಬೇವು ಕೊಸರಾಗಿ ಬೀಳುತ್ತದೆ. ಹೂವಾಡಗಿತ್ತಿಯದು ಇನ್ನೂ ಸೂಕ್ಷ್ಮ: ಮೊಳದ ಬೆಲೆ ಬದಲಾಗದು, ಮೊಳವೇ ಬದಲಾಗುತ್ತದೆ.

ಉಳಿದದ್ದು ನ್ಯಾಯದ ಪ್ರಶ್ನೆ. ಬಾಯಿದರ ಉಬ್ಬಿರುವುದು ಅನ್ಯಾಯವಲ್ಲ. ಉಬ್ಬಿದೆಯೆಂದು ಇಬ್ಬರಿಗೂ ಗೊತ್ತು. ಕಾರಿನ ಕೀಲಿ ಕಂಡಾಗ ಅದು 450 ಆಗುವುದು ಮಾತ್ರ ಅನ್ಯಾಯ, ಸಾಲದ್ದಕ್ಕೆ ಅವಿವೇಕ. ಏಕೆಂದರೆ ಈಗ ಕ್ಯೂಆರ್ ಕೋಡಿನ ಪಕ್ಕದಲ್ಲೊಂದು ಸ್ಪೀಕರ್ ಕೂತಿದೆ. ಒಬ್ಬಳು ಕೊಟ್ಟ 260ನ್ನು ಅದು ಬೀದಿಗೆಲ್ಲ ಕೂಗಿ ಹೇಳುತ್ತದೆ. ಆಗಷ್ಟೇ 400 ಕೊಟ್ಟು ಪಕ್ಕದಲ್ಲಿ ಬಳೆ ನೋಡುತ್ತಿದ್ದವಳು ತಿರುಗಿ ಬರುತ್ತಾಳೆ.

ಇನ್ನು ಚೌಕಾಸಿಯನ್ನೇ ಮಾಡದೆ 350 ಎಣಿಸಿಕೊಡುವ ಗಿರಾಕಿ. ಈ ಪ್ರಸಂಗದಲ್ಲಿ ಶಾಸ್ತ್ರಕಾರರು ಒಮ್ಮತಕ್ಕೆ ಬಂದಿಲ್ಲ. ತೆಗೆದುಕೊಂಡು ಸುಮ್ಮನಿರು ಎನ್ನುತ್ತದೆ ಒಂದು ಪಂಥ. ಅನುಭವಸ್ಥರ ಪಂಥ 50 ರೂಪಾಯಿಯನ್ನು ತಾನಾಗಿ ಹಿಂದಿರುಗಿಸಿ, ‘ನಿಮಗೇಂತ ಅಕ್ಕ’ ಎನ್ನುತ್ತದೆ. ಆ 50 ಆಕೆಯ ನಾದಿನಿಯನ್ನೂ ಕರೆತರುತ್ತದಂತೆ. ನಾದಿನಿ ಅರ್ಧಕ್ಕೇ ಕೇಳುತ್ತಾಳೆ.