ಬಿಲ್ಲಿನ ಇಂಗ್ಲಿಷ್ ಹೆಸರು ಇರಲಿ, ವಿವರಣೆ ಕನ್ನಡದಲ್ಲಿ ಕೊಡಿ

ವಿದ್ಯುತ್ ಬಿಲ್ಲಿನ ನಮೂನೆ ತಯಾರಿಸುವ ಅಧಿಕಾರಿಗಳಿಗೆ,



ನಾನು ಹುಟ್ಟಿದ್ದು ನರಗುಂದದಲ್ಲಿ, ಅಂಗಡಿ ಇಟ್ಟಿದ್ದು ರೋಣದಲ್ಲಿ, ಹೆಂಡತಿಯ ತವರು ಗಜೇಂದ್ರಗಡ. ನನ್ನದು ಸಣ್ಣ ಝೆರಾಕ್ಸ್ ಅಂಗಡಿ. ಫೋನಿನಲ್ಲಿ ಹಣ ಕಟ್ಟಲು ಬಾರದವರು ಕರೆಂಟ್ ಬಿಲ್ ಹಿಡಿದುಕೊಂಡು ಬರುತ್ತಾರೆ. ಕಟ್ಟಿಕೊಡುವುದಕ್ಕೆ ಎರಡು ನಿಮಿಷ ಸಾಕು. ಅದು ಯಾಕೆ ಅಷ್ಟು ಬಂತು ಎಂದು ಹೇಳುವುದಕ್ಕೆ ಅರ್ಧ ತಾಸು ಬೇಕು. ಆ ಅರ್ಧ ತಾಸಿನ ಬಗ್ಗೆ ಈ ಪತ್ರ.

ಕಳೆದ ವರ್ಷ ಒಬ್ಬ ಅವ್ವ ಬಂದರು. ಮಗ, ಸೊಸೆ, ತಾವು ಎಲ್ಲರೂ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗಿ ಆಗಷ್ಟೇ ಹಿಂತಿರುಗಿದ್ದರು. ಕೈಯಲ್ಲಿ ಆ ತೆಳ್ಳನೆಯ ನುಣುಪು ಕಾಗದದ ಚೀಟಿ, ಅರ್ಧ ಅಕ್ಷರ ಆಗಲೇ ಮಾಸಿದ್ದವು. "ಮನಿಗೆ ಕೀಲಿ ಹಾಕಿದ್ವಿ, ಒಂದು ದೀಪಾನೂ ಹಚ್ಚಿಲ್ಲ. ಇನ್ನೂರಾ ತೊಂಬತ್ತು ರೂಪಾಯಿ ಯಾತಕ್ಕಪ್ಪಾ?" ಎಂದರು. ಅದು ಹಳೆಯ ಮನೆ, ಆ ಮೀಟರಿಗೆ ಗೃಹಜ್ಯೋತಿ ಇರಲಿಲ್ಲ. ಆ ಯೋಜನೆ ಒಬ್ಬರಿಗೆ ಒಂದೇ ಮೀಟರಿಗೆ ಸಿಗುತ್ತದೆ, ಅವರ ಮನೆಯಲ್ಲಿ ಅದನ್ನು ಇನ್ನೊಂದು ಮೀಟರಿಗೆ ಬರೆಸಿದ್ದರು.

ಚೀಟಿ ನೋಡಿದೆ. ಸ್ಯಾಂಕ್ಷನ್ಡ್ ಲೋಡ್ 2 ಕಿಲೋವ್ಯಾಟ್. 2025ರ ಏಪ್ರಿಲ್‌ನಿಂದ ಮನೆಗಳಿಗೆ ಫಿಕ್ಸ್ಡ್ ಚಾರ್ಜ್ ಕಿಲೋವ್ಯಾಟಿಗೆ 145 ರೂಪಾಯಿ ಆಗಿತ್ತು. ಎರಡಕ್ಕೆ 290. ಒಂದು ಯೂನಿಟ್ಟೂ ಉರಿಸದಿದ್ದರೂ ಅಷ್ಟು ಬಂದೇ ಬರುತ್ತದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲ ಎಂದು ಅವರಿಗೆ ತಿಳಿಸುವ ಒಂದು ಸಾಲು ಆ ಚೀಟಿಯಲ್ಲಿ ಇರಲಿಲ್ಲ.

ನಾನು ಹೀಗೆ ಹೇಳಿದೆ: "ಅವ್ವಾ, ನಿಮ್ಮ ಮನಿಗೆ ಯಾವಾಗ ಸ್ವಿಚ್ ಒತ್ತಿದ್ರೂ ಎರಡು ಕಿಲೋವ್ಯಾಟ್ ಕರೆಂಟ್ ಕೊಡ್ತೀವಿ ಅಂತ ಕಂಪನಿಯವರು ಮಾತು ಕೊಟ್ಟಾರ. ಅದಕ್ಕ ಟಿಸಿ, ಕಂಬ, ತಂತಿ, ಲೈನ್‌ಮನ್ ಎಲ್ಲಾ ಇಟ್ಟಿರಬೇಕಲ್ಲ, ಆ ಖರ್ಚು ಇದು. ನೀವು ಉರಿಸಿದ್ದಕ್ಕ ಬರೋದು ಬ್ಯಾರೆ, ಅದಕ್ಕ ಎನರ್ಜಿ ಚಾರ್ಜ್ ಅಂತಾರ. ಆ ಮನಿಗೆ ಒಂದೇ ಕಿಲೋವ್ಯಾಟ್ ಸಾಕಾದ್ರ ಲೋಡ್ ಇಳಿಸ್ರಿ ಅಂತ ಅರ್ಜಿ ಕೊಡಬಹುದು, ಆಗ ಇದು ಅರ್ಧ ಆಗ್ತದ." ಅವ್ವ ತಲೆಯಾಡಿಸಿ, "ಫಿಕ್ಸ್ ಚಾರ್ಜು" ಎಂದು ಎರಡು ಸಲ ಬಾಯಿಪಾಠ ಮಾಡಿಕೊಂಡು ಹೋದರು. ಮರುದಿನ ಸೆಕ್ಷನ್ ಆಫೀಸಿನ ಕಿಟಕಿಯಲ್ಲಿ ಅದೇ ಮಾತು ಹೇಳಿದರಂತೆ, ಗುಮಾಸ್ತರು ತಕ್ಷಣ ಯಾವ ಅರ್ಜಿ ಎಂದು ತೋರಿಸಿದರಂತೆ.

ನನ್ನ ಬೇಡಿಕೆ ಹುಟ್ಟಿದ್ದು ಇಲ್ಲಿಂದ. ಬಿಲ್ಲನ್ನು ಪೂರ್ತಿ ಕನ್ನಡ ಮಾಡಿ ಎಂದು ಕೆಲವರು ಕೇಳುತ್ತಾರೆ, ಅವರ ಕಾಳಜಿ ನನ್ನದೂ ಹೌದು. ಆದರೆ ಫಿಕ್ಸ್ಡ್ ಚಾರ್ಜನ್ನು ಒಂದು ಕಡೆ ನಿಗದಿತ ಶುಲ್ಕ, ಇನ್ನೊಂದು ಕಡೆ ಸ್ಥಿರ ಶುಲ್ಕ, ಮತ್ತೊಂದು ಕಡೆ ನಿಶ್ಚಿತ ದರ ಎಂದು ಬರೆದರೆ ನಮ್ಮವರು ಮೂರು ಬೇರೆ ಬೇರೆ ರೊಕ್ಕ ಎಂದು ತಿಳಿಯುತ್ತಾರೆ. ಸ್ಯಾಂಕ್ಷನ್ಡ್ ಲೋಡನ್ನು ಮಂಜೂರಾದ ಹೊರೆ ಎಂದರೆ, ಹೊರೆ ಅಂದ ಕೂಡಲೇ ನಮ್ಮ ಕಡೆ ಕಣ್ಣಿಗೆ ಬರುವುದು ಮೇವಿನ ಹೊರೆ. ಗೋಡೆಯ ಮೀಟರಿನ ಗುಂಡಿ ಒತ್ತಿದರೆ kWh ಕಾಣುತ್ತದೆ, MD ಕಾಣುತ್ತದೆ. ಕಿಟಕಿಯಲ್ಲಿ ಕುಳಿತವರು ಆಡುವುದೂ ಅದೇ ಹೆಸರುಗಳನ್ನು. ಮೀಟರಿನಲ್ಲಿ ಒಂದು ಹೆಸರು, ಚೀಟಿಯಲ್ಲಿ ಇನ್ನೊಂದು ಹೆಸರು ಇದ್ದರೆ ಬಡವ ಯಾವುದಕ್ಕೆ ಯಾವುದನ್ನು ಹೊಂದಿಸಬೇಕು? ಹೆಸರು ಇದ್ದಂತೆಯೇ ಇರಲಿ, ಕನ್ನಡ ಲಿಪಿಯಲ್ಲಿ ಬರಲಿ. ಅದರ ಕೆಳಗೆ, ಅದು ಏನು, ಯಾಕೆ ಬಂತು ಎಂಬುದು ನಾವು ಆಡುವ ಕನ್ನಡದಲ್ಲಿ ಬರಲಿ.

ನಮ್ಮವರಿಗೆ ಇಂಗ್ಲಿಷ್ ಶಬ್ದ ನಾಲಿಗೆಗೆ ಹೊರಳುವುದಿಲ್ಲ ಎಂದು ದಯವಿಟ್ಟು ಭಾವಿಸಬೇಡಿ. ಮಲಪ್ರಭಾ ಕಾಲುವೆಯ ನೀರಿನ ಕರದ ಜೊತೆಗೆ ಸರ್ಕಾರ ಬೆಟರ್‌ಮೆಂಟ್ ಲೆವಿ ಕೇಳಿದಾಗ ನರಗುಂದ, ನವಲಗುಂದದ ರೈತರು ಆ ಎರಡು ಶಬ್ದಗಳನ್ನು ಹಾಗೆಯೇ ಕಲಿತರು, ಅದರ ಒಳಗಿನ ಅರ್ಥವನ್ನು ಜಾಲಾಡಿದರು, ನೀರೇ ಸರಿಯಾಗಿ ಬಾರದ ಹೊಲಕ್ಕೆ ಎಂಥ ಬೆಟರ್‌ಮೆಂಟ್ ಎಂದು ಕೇಳಿದರು. 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ಆಯಿತು, ಜೀವ ಹೋದವು. ಶಾಲೆ ಮೆಟ್ಟಿಲು ಹತ್ತದ ಮುದುಕರೂ ಇವತ್ತಿಗೂ ಲೆವಿ ಅಂತಲೇ ಅನ್ನುತ್ತಾರೆ.

ಆ ಅವ್ವನ ಮುಂದಿನ ಬಿಲ್ಲಿನ ಮಾತು ಹೇಳುತ್ತೇನೆ. ಜಾತ್ರೆ ತಿಂಗಳು, ಮನೆ ತುಂಬ ಜನ, 70 ಯೂನಿಟ್ ಆಗಿತ್ತು. ಈ ಸಲ ಮಗ ಬಂದಿದ್ದ. "ಯೂನಿಟ್ಟಿಗೆ ಐದು ಎಂಬತ್ತು ಅಂತಾರ, ನಮಗ ಹನ್ನೊಂದು ಬಿದ್ದೈತಲ್ರೀ" ಎಂದು ಜಗಳಕ್ಕೇ ನಿಂತ. ಒಂದು ಹಾಳೆ ತೆಗೆದು ಬರೆದೆ. ಎನರ್ಜಿ ಚಾರ್ಜ್: 70 ಯೂನಿಟ್ಟಿಗೆ 5.80ರಂತೆ 406 ರೂಪಾಯಿ. ಅದರ ಮೇಲೆ ಸರ್ಕಾರದ ಟ್ಯಾಕ್ಸ್ ನೂರಕ್ಕೆ 9, ಅಂದರೆ 36.54. ನೌಕರರ ಪೆನ್ಶನ್ ಮತ್ತು ಗ್ರ್ಯಾಚುಯಿಟಿ ಬಾಬ್ತು ಯೂನಿಟ್ಟಿಗೆ 36 ಪೈಸೆ, ಅಂದರೆ 25.20. ಫಿಕ್ಸ್ಡ್ ಚಾರ್ಜ್ ಮತ್ತೆ 290. ಇಲ್ಲಿಗೇ 757.74 ಆಯಿತು, ಯೂನಿಟ್ಟಿಗೆ ಹತ್ತು ಎಂಬತ್ತರ ಮೇಲೆ. ಇದರ ಮೇಲೆ ಎಫ್‌ಪಿಪಿಸಿಎ ಇರುತ್ತದೆ. ಕಂಪನಿ ಕರೆಂಟ್ ಕೊಳ್ಳಲು ಅಂದಾಜಿಗಿಂತ ಹೆಚ್ಚು ಕೊಟ್ಟಿದ್ದರೆ ಆ ಹೆಚ್ಚಳವನ್ನು ಆಮೇಲೆ ನಮ್ಮಿಂದ ತೆಗೆದುಕೊಳ್ಳುವ ಬಾಬ್ತು ಅದು. ಅದರ ದರ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಆದ್ದರಿಂದ ಎರಡು ತಿಂಗಳು ಅಷ್ಟೇ ಯೂನಿಟ್ ಉರಿಸಿದರೂ ಎರಡು ಬಿಲ್ ಒಂದೇ ಆಗುವುದಿಲ್ಲ. ಹುಡುಗ ಹಾಳೆ ಮಡಚಿ ಕಿಸೆಯಲ್ಲಿಟ್ಟುಕೊಂಡ. ಅವನ ಸಿಟ್ಟು ದರದ ಮೇಲೆ ಉಳಿದಿರಬಹುದು, ಅದು ಅವನ ಹಕ್ಕು. ಮೀಟರ್ ಓಡಿಸಿ ಮೋಸ ಮಾಡಿದ್ದಾರೆ ಎಂಬ ಅನುಮಾನ ಮಾತ್ರ ಹೋಯಿತು.

ಮೋಸವಲ್ಲದಿದ್ದರೂ ತಪ್ಪುಗಳು ಆಗುತ್ತವೆ. ಮೀಟರ್ ಬೀಗದ ಒಳಗೆ ಇದ್ದರೆ ಓದಲು ಬಂದವರು ಡೋರ್ ಲಾಕ್ ಎಂದು ಹಾಕಿ ಸರಾಸರಿ ಯೂನಿಟ್ಟಿನ ಬಿಲ್ ಕೊಡುತ್ತಾರೆ, ಮುಂದೆ ಮೀಟರ್ ಓದಿದಾಗ ಅದನ್ನು ಸರಿಹೊಂದಿಸಬೇಕು. ದುಡಿಯಲು ಊರು ಬಿಡುವವರೇ ಹೆಚ್ಚಿರುವ ನಮ್ಮ ತಾಲ್ಲೂಕುಗಳಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ: ಚೀಟಿಯ ಪ್ರೆಸೆಂಟ್ ರೀಡಿಂಗ್ ಮತ್ತು ಗೋಡೆಯ ಮೀಟರಿನ ಅಂಕಿ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಆದರೆ ಡೋರ್ ಲಾಕ್ ಎಂದರೆ ಸರಾಸರಿ ಬಿಲ್ ಎಂದು ಗೊತ್ತಿದ್ದವನು ತಾನೇ ಹಾಗೆ ನೋಡುವುದು?

ಚೀಟಿ ಚಿಕ್ಕದು, ಜಾಗವಿಲ್ಲ ಎಂದು ನೀವು ಹೇಳಬಹುದು. ಎಲ್ಲವನ್ನೂ ಒಂದೇ ತಿಂಗಳು ತುಂಬಬೇಡಿ. ತಿಂಗಳಿಗೆ ಒಂದು ಹೆಸರು ಬಿಡಿಸಿ ಹೇಳಿದರೂ ನಡೆಯುತ್ತದೆ. ಮೊದಲಿಗೆ ಹೀಗೆ ಬರೆಯಬಹುದೇ ನೋಡಿ: "ಫಿಕ್ಸ್ಡ್ ಚಾರ್ಜ್: ನಿಮ್ಮ ಮೀಟರಿನ ಲೋಡ್ 2 ಕಿಲೋವ್ಯಾಟ್. ಕಿಲೋವ್ಯಾಟಿಗೆ 145 ರೂಪಾಯಿಯಂತೆ 290. ಕರೆಂಟ್ ಉರಿಸದಿದ್ದರೂ ಇದು ಬರುತ್ತದೆ. ಲೋಡ್ ಕಡಿಮೆ ಮಾಡಿಸಲು ಸೆಕ್ಷನ್ ಆಫೀಸಿನಲ್ಲಿ ಅರ್ಜಿ ಕೊಡಿ." ಅಂಕಿ ಆ ಮನೆಯದೇ, ದರ ಆ ತಿಂಗಳದೇ ಇರಲಿ. ಲೋಡು, ದರ ಎರಡೂ ನಿಮ್ಮ ಯಂತ್ರದಲ್ಲಿ ಈಗಾಗಲೇ ಇವೆ.

ರೋಣ, ನರಗುಂದ, ಗಜೇಂದ್ರಗಡದ ಸೆಕ್ಷನ್ ಆಫೀಸುಗಳ ಕಿಟಕಿ ಪಕ್ಕ ಇದೇ ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಹಚ್ಚಲು ಒಪ್ಪಿಗೆ ಕೊಟ್ಟರೆ ಹಾಳೆ ನನ್ನವು, ಝೆರಾಕ್ಸ್ ನನ್ನದು. ಒಕ್ಕಣೆ ಮಾತ್ರ ನಿಮ್ಮ ಸಹಿಯೊಂದಿಗೆ ಬರಲಿ.

ಇತಿ ನಿಮ್ಮ ವಿಶ್ವಾಸಿ,
ರೋಣದ ಒಬ್ಬ ಗ್ರಾಹಕ